ಆಚಾರ್ರ ಹಣೆಯ ಕಲೆ

ರಘುನಂದನನ ಅಪ್ಪ ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಪಿಂಡ ಹಾಕಿಸುತ್ತಾರೆ. ಅಜ್ಜನೂ ಅದನ್ನೇ ಮಾಡಿದವರು. ಮೂರನೇ ತಲೆಮಾರಿನವನಾದ ರಘು ಮಾತ್ರ ಅದೇ ಊರಿನ ಸೋನಾರ್‌ಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಜನರ ಮೊಡವೆ ತೆಗೆಯುತ್ತಾನೆ. ಇದನ್ನು ಅವನೇ ಹೀಗೆ ಹೇಳಿಕೊಳ್ಳುವುದು: "ಅಪ್ಪ ಹೋದವರನ್ನ ದಾಟಸ್ತಾರ, ನಾನು ಇದ್ದವರನ್ನ ಬೆಳ್ಳಗ ಮಾಡ್ತೇನಿ. ಇಬ್ಬರ ಗಿರಾಕಿಗೂ ಪೂರ್ತಿ ಸಮಾಧಾನ ಅಂತ ಆಗೋದಿಲ್ಲ."

ವೇದಪಾಠಶಾಲೆಯಿಂದ ಅವನು ಹೊರಬಿದ್ದದ್ದು ಹದಿನಾರನೇ ವಯಸ್ಸಿಗೆ. ಕಾರಣ ದೊಡ್ಡದೇನಲ್ಲ, ನಾಲಿಗೆ ತಿರುಗಲಿಲ್ಲ ಅಷ್ಟೆ. ಕನ್ನಡ ಮನೆಯಲ್ಲಿ, ಹಿಂದಿ ಬೀದಿಯಲ್ಲಿ, ಸಂಸ್ಕೃತ ಎಲ್ಲಿಯೂ ಇಲ್ಲ. ಆಮೇಲೆ ಕಾಶಿಯದೇ ಲಂಕಾ ಬಡಾವಣೆಯ ಒಂದು ಕೋಚಿಂಗ್ ಸೆಂಟರಿನ ಮೇಲ್ಮಹಡಿಯಲ್ಲಿ ಮೂರು ತಿಂಗಳು ಫೋಟೋ ಎಡಿಟಿಂಗ್ ಕಲಿತ. ಈಗ ಇಪ್ಪತ್ತಾರು. ಮೂಗಿನ ಮೇಲೆ ಕನ್ನಡಕ, ಬಲಗೈ ಮಣಿಕಟ್ಟಿನಲ್ಲಿ ಮೌಸ್ ಹಿಡಿದು ಹಿಡಿದು ಬಂದ ನೋವು, ಸ್ಟುಡಿಯೋ ಮಾಲಿಕ ಮುನ್ನಾಲಾಲ್‌ಜಿಯ ಬೈಗುಳ. ಇಷ್ಟು ಅವನ ಸಂಪಾದನೆ.

ಒಂದು ವಿಷಯದಲ್ಲಿ ಮಾತ್ರ ರಘುವಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆ. ಅವನು ಎಡಿಟ್ ಮಾಡುವಾಗ ಎಲ್ಲವನ್ನೂ ಒಂದೇ ಚಿತ್ರದ ಮೇಲೆ ಗೀಚುವುದಿಲ್ಲ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಲೇಯರುಗಳನ್ನು ಇಡುತ್ತಾನೆ. ಕೂದಲಿಗೊಂದು ಗುಂಪು, ಬಟ್ಟೆಗೊಂದು, ಚರ್ಮಕ್ಕೊಂದು. ಪ್ರತಿ ಲೇಯರಿಗೂ ಹೆಸರು. ಬೇಡವಾದ ಭಾಗವನ್ನು ಅಳಿಸುವುದಿಲ್ಲ, ಮಾಸ್ಕ್ ಹಾಕಿ ಮರೆ ಮಾಡುತ್ತಾನೆ. ನಾಳೆ ಬೇಕೆಂದರೆ ಮರೆ ಸರಿಸಿದರಾಯಿತು. ಶರ್ಟಿನ ಬಣ್ಣವನ್ನು ಶರ್ಟಿನ ಮೇಲೇ ಬದಲಿಸುವುದಿಲ್ಲ, ಬಣ್ಣದ ಲೇಯರನ್ನು ಅದರ ಮೇಲೆ ಬೇರೆಯಾಗಿ ಹೊದಿಸುತ್ತಾನೆ. ಎಲ್ಲಕ್ಕಿಂತ ಕೆಳಗೆ, ಗಿರಾಕಿ ಕೊಟ್ಟ ಫೋಟೋ ಬಂದ ಹಾಗೇ ಇರುತ್ತದೆ.

ಈ ಬುದ್ಧಿ ಕೋಚಿಂಗ್ ಸೆಂಟರಿನಿಂದ ಬಂದದ್ದಲ್ಲ, ಅಮ್ಮನ ಗಳುವಿನಿಂದ ಬಂದದ್ದು. ಮನೆಯ ಸೂರಿಗೆ ತೂಗಿಬಿಟ್ಟ ಬಿದಿರ ಗಳುವಿನ ಮೇಲೆ ಅಮ್ಮ ಮಡಿಬಟ್ಟೆ ಒಣಗಿಸುತ್ತಾಳೆ. ಅದನ್ನು ಕೋಲಿನಿಂದಲೇ ಹಾಕಬೇಕು, ಕೋಲಿನಿಂದಲೇ ತೆಗೆಯಬೇಕು. ಉಳಿದ ಬಟ್ಟೆ ಕೆಳಗಿನ ಹಗ್ಗದ ಮೇಲೆ ಯಾರು ಬೇಕಾದರೂ ಮುಟ್ಟುವ ಹಾಗೆ. ತಳದ ಫೋಟೋ ಮಡಿ, ಅದನ್ನು ಮುಟ್ಟಬಾರದು ಎಂದು ರಘು ತನಗೆ ತಾನೇ ನಿಯಮ ಮಾಡಿಕೊಂಡಿದ್ದ. ಮುನ್ನಾಲಾಲ್‌ಜಿಗೆ ಇದು ಹಿಡಿಸುತ್ತಿರಲಿಲ್ಲ. "ಎಲ್ಲ ಒಂದು ಮಾಡಿ ಸೇವ್ ಮಾಡೋ ಭಾಯಿ. ನಿನ್ನ ಒಂದು ಫೈಲಿನ ಜಾಗದಲ್ಲಿ ನನ್ನ ನಲವತ್ತು ಪಾಸ್‌ಪೋರ್ಟ್ ಫೋಟೋ ಕೂರುತ್ತವೆ. ಕಂಪ್ಯೂಟರ್ ಅಂದರೆ ಧರ್ಮಛತ್ರ ಅಂದ್ಕೊಂಡಿಯಾ?"

ರಘು ಹಲ್ಲು ಕಿರಿದು ಮುಂದಿನ ಲೇಯರಿಗೆ ಹೆಸರಿಡುತ್ತಿದ್ದ. ನಿಯಮ ಮಾಡಿಕೊಂಡವನಿಗೆ ಅದನ್ನು ಮುರಿಯುವ ಹಕ್ಕೂ ಇದೆಯೆಂದು ಅವನು ಅಂದುಕೊಂಡದ್ದು ವೇದವ್ಯಾಸಾಚಾರ್ಯರ ಫೋಟೋದಲ್ಲಿ.

ಆಚಾರ್ರು ರಘುವಿನ ಗಲ್ಲಿಯವರೇ. ಕರ್ನಾಟಕದಿಂದ ಬಂದವರಿಗೆ ಐವತ್ತು ವರ್ಷ ಕರ್ಮ ಮಾಡಿಸಿದವರು. ಹೋದ ವರ್ಷ ಕ್ಯಾನ್ಸರಿನಲ್ಲಿ ತೀರಿಕೊಂಡರು. ವರ್ಷಾಂತಿಕ ಹತ್ತಿರ ಬಂತೆಂದು ಅವರ ಮಗ ವೆಂಕಟೇಶ ಒಂದು ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದ. ಬ್ಯಾಂಕಿನ ನೌಕರ, ಮಾತಾಡುವಾಗಲೂ ಟೋಕನ್ ಕೊಟ್ಟು ಕರೆಯುವ ಹಾಗೆ ಮಾತಾಡುತ್ತಾನೆ.

"ರಘು, ಅಪ್ಪನ ಒಬ್ಬರದೇ ಫೋಟೋ ಇದೊಂದೇ ಇರೋದು. ತಮ್ಮ ಫೋಟೋ ಅಂದ್ರ ಅವರಿಗೆ ಆಗ್ತಿದ್ದಿಲ್ಲ. ಯಾತ್ರಿಕರ ಗುಂಪಿನ ಫೋಟೋದಾಗ ಹಿಂದ ನಿಂತಿರ್ತಾರ, ಕಾಳಿನಷ್ಟು ಮುಖ. ಇದು ದವಾಖಾನಿಯಿಂದ ಬಂದಮ್ಯಾಲ ನಾನೇ ತೆಗೆದದ್ದು."

ಫೋಟೋದಲ್ಲಿ ಆಚಾರ್ರು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತಿದ್ದರು. ಔಷಧಿಯಿಂದ ತಲೆ ಬೋಳು. ಮೈಮೇಲೆ ವೆಂಕಟೇಶನ ಹಳೆಯ ಸ್ವೆಟರು, ಅದರ ಎದೆಯ ಮೇಲೆ ಯಾವುದೋ ಬ್ರಾಂಡಿನ ಹಾರುವ ಹುಲಿ. ಮುಖದ ತುಂಬ ಕಪ್ಪು ಮಚ್ಚೆ. ಆದರೆ ಕಣ್ಣು ಮಾತ್ರ ಅವರದೇ, ದಕ್ಷಿಣೆಯ ವಿಷಯ ಎತ್ತಿದವರನ್ನು ನೋಡುವ ಕಣ್ಣು.

"ಹುಲಿ ತೆಗಿ. ಜರಿ ಅಂಚಿನ ಶಾಲು ಹೊದಸು. ಕೂದಲು ಹಚ್ಚು. ಮುಖ ಸ್ವಚ್ಛ ಮಾಡಿ ಹಣಿಗೆ ಅಂಗಾರ ಅಕ್ಷತಿ ಹಚ್ಚು," ಎಂದ ವೆಂಕಟೇಶ. ಫೋನಿಗೆ ಕೇಬಲ್ ಹಾಕಿ ಫೋಟೋ ಕಂಪ್ಯೂಟರಿಗೆ ಇಳಿಸಿಕೊಟ್ಟು ಬ್ಯಾಂಕಿಗೆ ಹೋದ.

ಅಲ್ಲಿಂದ ಶುರುವಾಯಿತು.

ಮೊದಲು ಕೂದಲು. ಗುಂಪಿನ ಫೋಟೋವೊಂದರಿಂದ ಆಚಾರ್ರ ಹಿಂದಕ್ಕೆ ಬಾಚಿದ ಬಿಳಿಗೂದಲನ್ನು ತಂದು, ಕೊರತೆ ಬಿದ್ದಲ್ಲಿ ಎಳೆ ಎಳೆಯಾಗಿ ಬರೆದು, ಕೂದಲಿನ ಲೇಯರುಗಳ ಗುಂಪನ್ನು ಎಷ್ಟು ಸಲ ದೊಡ್ಡದು ಚಿಕ್ಕದು ಮಾಡಿದರೂ ಮೂಲ ಕೆಡದಂತೆ ಕಟ್ಟಿಟ್ಟ. ಒಂದು ಪ್ರತಿ ತೆಗೆದು ಆಚಾರ್ರ ಮಗಳು ಮಾಲವಿಕಾಗೆ ಮುನ್ನಾಲಾಲ್‌ಜಿಯ ಫೋನಿನಿಂದ ವಾಟ್ಸ್ಯಾಪ್ ಮಾಡಿದ. ಆಕೆ ಇರುವುದು ಮೈಸೂರಿನಲ್ಲಿ, ಅಭಿಪ್ರಾಯ ಇರುವುದು ಎಲ್ಲ ಊರಿನಲ್ಲಿ.

ಉತ್ತರ ಬಂದದ್ದು ಧ್ವನಿಯಲ್ಲಿ. "ರಘು, ಇದು ಅಪ್ಪನ ಕೂದಲಲ್ಲ, ಯಾವುದೋ ಹಿಂದಿ ಮಂತ್ರೀದು ಇದ್ದಂಗದ. ಕಿವಿ ಮ್ಯಾಲ ಇಷ್ಟು ಇರ್ತಿದ್ದಿಲ್ಲ."

ತೆಗೆದ. ಕಿವಿಯ ಮೇಲಿನ ಮಾಸ್ಕಿನಲ್ಲಿ ಕಪ್ಪು ಬಳಿದರೆ ಕೂದಲು ಮರೆಯಾಯಿತು. ಮಾರನೆಯ ದಿನ ಆಕೆ, "ಈಗ ಭಾಳ ಕಡಿಮಿ ಆತು, ಮೊದಲಿನ್ಹಂಗ ಮಾಡು," ಎಂದಳು. ಮಾಸ್ಕಿನಲ್ಲಿ ಬಿಳಿ ಬಳಿದ, ಕೂದಲು ವಾಪಸ್ ಬಂತು. ಅಳಿಸಿಬಿಟ್ಟಿದ್ದರೆ ಮತ್ತೆ ಒಂದೊಂದು ಎಳೆ ಬರೆಯಬೇಕಿತ್ತು. ರಘು ತನ್ನ ಬೆನ್ನನ್ನು ಮನಸ್ಸಿನಲ್ಲೇ ತಟ್ಟಿಕೊಂಡ. ಅಷ್ಟು ಹೊತ್ತಿಗೆ ಕೈ ಅಲ್ಲಿಗೆ ತಲುಪುವಷ್ಟೂ ಶಕ್ತಿ ಉಳಿದಿರಲಿಲ್ಲ.

ಆಮೇಲೆ ಶಾಲು. ವೆಂಕಟೇಶನಿಗೆ ಅಂಚು ಕೆಂಪು ಬೇಕು. ಕೆಂಪು ಆಯಿತು. ಕೆಂಪು ಜಾಸ್ತಿಯಾಯಿತು, ಕುಂಕುಮದ ಬಣ್ಣ ಮಾಡು. ಕುಂಕುಮ ಆಯಿತು. ಹಸಿರು ಹೇಗಿರುತ್ತದೆ ನೋಡೋಣ. ಹಸಿರು ನೋಡಿದರು. ಬೇಡ, ಕೆಂಪೇ ಇರಲಿ. ಯಾವ ಕೆಂಪು? ಮೊದಲನೇ ಕೆಂಪು. ಬಣ್ಣ ಬೇರೆ ಲೇಯರಿನಲ್ಲಿ ಇದ್ದದ್ದಕ್ಕೆ ರಘು ಲೇಯರುಗಳ ಪಕ್ಕದ ಕಣ್ಣಿನ ಗುರುತು ಒತ್ತಿ ಒಂದು ಬಣ್ಣವನ್ನು ಮುಚ್ಚಿ ಇನ್ನೊಂದನ್ನು ತೆರೆದ. ಗಿರಾಕಿಯ ಮನಸ್ಸಿಗೂ ಇಂಥ ಒಂದು ಕಣ್ಣಿನ ಗುರುತು ಇರಬೇಕಿತ್ತು ಎಂದು ಅವನಿಗೆ ಅನ್ನಿಸಿತು.

ಚರ್ಮದ ಸರದಿ ಬಂದದ್ದು ಐದನೇ ದಿನ, ಮುನ್ನಾಲಾಲ್‌ಜಿ ಮೂರನೇ ಸಲ, "ಅದೇ ಪಂಡಿತರ ಮುಖ ಇನ್ನೂ ಇದೆಯಲ್ಲ, ಸ್ಟುಡಿಯೋ ಅವರ ಹೆಸರಿಗೆ ಬರೆದುಕೊಡಲೇ?" ಎಂದು ಕೇಳಿದ ಮೇಲೆ. ರಘುವಿಗೆ ರೇಗಿತ್ತು. ಹೊಸ ಖಾಲಿ ಲೇಯರ್ ತೆರೆದು, ಕೆಳಗಿನ ಬಣ್ಣವನ್ನು ಎತ್ತಿ ಅದರ ಮೇಲೆ ತೇಪೆ ಹಾಕುವುದು ಅವನ ಪದ್ಧತಿ. ಆ ದಿನ ಅವನು ಹಾಗೆ ಮಾಡಲಿಲ್ಲ. ಕೂದಲು ವಾಪಸ್ ಕೇಳುತ್ತಾರೆ, ಕೆಂಪು ವಾಪಸ್ ಕೇಳುತ್ತಾರೆ. ಮಚ್ಚೆಯನ್ನು ವಾಪಸ್ ಕೇಳಿದವರನ್ನು ಸ್ಟುಡಿಯೋದ ನಾಲ್ಕು ವರ್ಷದಲ್ಲಿ ಅವನು ನೋಡಿರಲಿಲ್ಲ. ನೇರ ತಳದ ಫೋಟೋದ ಮೇಲೆಯೇ ಬ್ರಷ್ ಓಡಿಸಿದ. ತಳದ ಲೇಯರಿಗೆ ಒಂದು ಪುಟ್ಟ ಬೀಗದ ಗುರುತು ಇರುತ್ತದೆ. ಆ ಬೀಗ ಅದನ್ನು ಆಚೀಚೆ ಸರಿಯದಂತೆ ಹಿಡಿಯುತ್ತದೆಯೇ ಹೊರತು ಬ್ರಷ್ಷನ್ನು ತಡೆಯುವುದಿಲ್ಲ. ಕಾಶಿಯ ಅನೇಕ ಬೀಗಗಳ ಹಾಗೆ.

ಗಲ್ಲದ ಮಚ್ಚೆ ಹೋಯಿತು. ಕಣ್ಣಿನ ಕೆಳಗಿನ ಕಪ್ಪು ಹೋಯಿತು. ಹುಬ್ಬಿನ ನಡುವಿನಿಂದ ಹಣೆಯ ಮೇಲಕ್ಕೆ ಉದ್ದಕ್ಕೆ ಒಂದು ಮಸಿಬಣ್ಣದ ನೆರಳು, ಅದರ ಕೆಳಗೆ ದುಂಡಗೆ ಒಂದು ಕಂದು ಕಲೆ ಇತ್ತು. ಅದೂ ಹೋಯಿತು. ಅದರ ಜಾಗದಲ್ಲಿ ವೆಂಕಟೇಶ ಹೇಳಿದ್ದ ಹಾಗೆ ಹೊಸದಾಗಿ ಅಂಗಾರದ ಕಪ್ಪು ಗೆರೆಯನ್ನೂ ಅಕ್ಷತೆಯ ಕೆಂಪು ಬೊಟ್ಟನ್ನೂ ಬರೆದ. ಇದನ್ನು ಮಾತ್ರ ನಿಯತ್ತಾಗಿ ಬೇರೆ ಲೇಯರಿನಲ್ಲಿ ಬರೆದು ಹೆಸರಿಟ್ಟ. ಸೇವ್ ಮಾಡಿ, ಫೈಲ್ ಮುಚ್ಚಿ, ಚಹಾ ಕುಡಿಯಲು ಹೋದ.

ಭಾನುವಾರ ಮುನ್ನಾಲಾಲ್‌ಜಿ ಕಂಪ್ಯೂಟರಿಗೆ ಸ್ನಾನ ಮಾಡಿಸಿದರು. ಗಿರಾಕಿಗಳು ಇಳಿಸಿಕೊಟ್ಟ ಹಳೆಯ ಫೋಟೋಗಳನ್ನೆಲ್ಲ ಅಳಿಸಿ ಜಾಗ ಮಾಡುವುದು ಅವರ ವಾರದ ವ್ರತ. ಅದೇ ವಾರ ವೆಂಕಟೇಶ ತನ್ನ ಫೋನನ್ನು ಗೋದೌಲಿಯಾದ ಕಡೆ ಹೋಗುವ ಇ-ರಿಕ್ಷಾದಲ್ಲಿ ಬಿಟ್ಟು ಇಳಿದ. ಜಾಗವಿಲ್ಲ, ಜಾಗವಿಲ್ಲ ಎಂದು ಆ ಫೋನು ಎರಡು ವರ್ಷದಿಂದ ಹೇಳುತ್ತಿತ್ತು. ಹಾಗಾಗಿ ಮೂಲ ಫೋಟೋದ ಪ್ರತಿ ಬೇರೆಲ್ಲೂ ಉಳಿದಿರಲಿಲ್ಲ.

ಮಂಗಳವಾರ ಮಧ್ಯಾಹ್ನ ತುಳಸಮ್ಮ ಬಂದರು.

ಆಚಾರ್ರ ಹೆಂಡತಿ. ರಘು ಚಿಕ್ಕವನಿದ್ದಾಗಿಂದ ಅವರನ್ನು ಕಾಕು ಎಂದೇ ಕರೆಯುವುದು. ಗುರುವಾರ ವರ್ಷಾಂತಿಕ. ಪ್ರಿಂಟ್ ಹಾಕುವ ಮೊದಲು ತಾನೊಮ್ಮೆ ನೋಡಬೇಕೆಂದು ಗಲ್ಲಿಯಿಂದ ನಡೆದೇ ಬಂದಿದ್ದರು. ರಘು ಸ್ಟೂಲು ಕೊಟ್ಟು, ಪರದೆಯನ್ನು ಅವರ ಕಡೆ ತಿರುಗಿಸಿದ.

ತುಳಸಮ್ಮ ಪರದೆಯ ಹತ್ತಿರಕ್ಕೆ ಬಾಗಿ ನೋಡಿದರು.

"ಚಂದ ಮಾಡೀಯಪಾ," ಎಂದರು. "ಶಾಲು ಭಾಳ ಚಂದ ಅದ. ಮೈಸೂರಿಂದ ಮಾಲಿ ಹೇಳಿದ್ದಳು, ಕೂದಲೂ ಹಂಗ ಕೂಡಸೀದಿ. ಇದು ಯಾರು?"

"ಕಾಕು?"

"ಇವರ ಹಣೀ ಮ್ಯಾಲಿನ ಕಲೆ ಎಲ್ಲಿ ಹೋತು?"

"ಅಂಗಾರ ಅಕ್ಷತಿ ಅದನಲ್ಲ ಕಾಕು, ಹೊಸದು, ಎದ್ದು ಕಾಣ್ತದ."

"ಅದು ನೀ ಹಚ್ಚಿದ್ದು. ಅವರು ಹಚ್ಚಿಕೊಂಡದ್ದು ಎಲ್ಲಿ?" ತುಳಸಮ್ಮನ ದನಿ ಏರಲಿಲ್ಲ. "ಕಡೀ ಎಂಟು ತಿಂಗಳು ಅವರ ಕೈ ನಡುಗ್ತಿತ್ತು, ಹಚ್ಚಿಕೊಳ್ಳಲಿಕ್ಕೆ ಆಗ್ತಿದ್ದಿಲ್ಲ. ನಾ ಹಚ್ತೇನಿ ಅಂದ್ರ ಬ್ಯಾಡ ಅಂತಿದ್ದರು. ಐವತ್ತು ವರ್ಷ ಹಚ್ಚಿ ಹಚ್ಚಿ ಚರ್ಮದಾಗ ಇಳದದ, ಇನ್ನು ಹಚ್ಚೋದು ಏನದ ಅಂತ ನಗ್ತಿದ್ದರು. ನನಗ ಆ ಕಲೆ ಬೇಕು ರಘು. ಮುಖ ತಿಳಿ ಮಾಡೀದಿ, ಇರಲಿ. ಅದೊಂದು ವಾಪಸ್ ಇಡು."

ಆಗ ರಘುವಿಗೆ ತನ್ನ ಅಪ್ಪನ ಹಣೆ ನೆನಪಾಯಿತು. ದಿನಾ ಬೆಳಿಗ್ಗೆ ಮುಖ ತೊಳೆದುಕೊಂಡು ಬಂದಾಗ ಗೆರೆ ಹೋಗಿರುತ್ತದೆ, ಗೆರೆಯ ನೆರಳು ಇರುತ್ತದೆ. ಇಪ್ಪತ್ತಾರು ವರ್ಷ ಅದನ್ನು ನೋಡಿಕೊಂಡು ಬೆಳೆದವನು, ಪರದೆಯ ಮೇಲೆ ಬಂದಾಗ ಅದನ್ನು ಕೊಳೆ ಎಂದು ಒರೆಸಿದ್ದ. ಈ ತಪ್ಪನ್ನು ಮುನ್ನಾಲಾಲ್‌ಜಿ ಮಾಡಿದ್ದರೆ ಕ್ಷಮಿಸಬಹುದಿತ್ತು. ಅಂಗಾರ ಹಚ್ಚುವ ಮನೆಯಲ್ಲಿ ಹುಟ್ಟಿ ಇದನ್ನು ಮಾಡಲು ವಿಶೇಷ ಪ್ರತಿಭೆ ಬೇಕು.

"ಹತ್ತು ನಿಮಿಷ ಕಾಕು," ಎಂದ. ಸುಳ್ಳು ಹೇಳುವಾಗ ಸ್ಟುಡಿಯೋದವರು ಯಾವಾಗಲೂ ಹೇಳುವುದು ಹತ್ತು ನಿಮಿಷವೇ.

ಅಂಗಾರದ ಲೇಯರಿನ ಕಣ್ಣು ಮುಚ್ಚಿದ. ಕೆಳಗೆ ನುಣ್ಣನೆಯ ಹಣೆ, ಮಗುವಿನದರ ಹಾಗೆ. ಹಿಂದಿನ ಹೆಜ್ಜೆಗಳ ಪಟ್ಟಿ ನೋಡಿದ. ಫೈಲ್ ಮುಚ್ಚಿದ ದಿನವೇ ಅದು ಖಾಲಿಯಾಗಿತ್ತು. ಇಳಿಸಿಕೊಂಡ ಮೂಲ ಫೋಟೋ ಹುಡುಕಿದ. ಭಾನುವಾರದ ಸ್ನಾನದಲ್ಲಿ ಹರಿದುಹೋಗಿತ್ತು.

"ಮುನ್ನಾಲಾಲ್‌ಜಿ, ಪಂಡಿತರ ಮೂಲ ಫೋಟೋ ಅಳಿಸಿದಿರಾ?"

"ನಿನ್ನ ದೊಡ್ಡ ಫೈಲಿನಲ್ಲಿ ಎಲ್ಲ ಇರುತ್ತದೆ ಅಂತ ನೀನೇ ಹೇಳೋದಲ್ಲವಾ? ಕೂದಲು ಬೇರೆ, ಕುರ್ತಾ ಬೇರೆ, ತಳದಲ್ಲಿ ಮೂಲ ಅಂತ? ಅದಕ್ಕೇ ತೆಗೆದೆ."

ಅವರ ಮಾತು ನಿಜವಾಗಿತ್ತು, ಅದೇ ರಘುವಿಗೆ ಹೆಚ್ಚು ಉರಿದದ್ದು.

ತುಳಸಮ್ಮ ಸೆರಗಿನ ಅಂಚು ಮಡಿಸುತ್ತ ಕೂತಿದ್ದರು. "ಹೋಗ್ಯದೇನು?" ಎಂದು ಕೇಳಿದರು.

"ಹೊಸದಾಗಿ ಬರೀತೇನಿ ಕಾಕು, ಗೊತ್ತಾಗೋದಿಲ್ಲ..."

"ಯಾರಿಗೆ?"

ಆ ಒಂದು ಪದಕ್ಕೆ ಅವನು ಮೌಸ್ ಬಿಟ್ಟ. ಕಲೆಯನ್ನು ಬರೆಯಬಹುದು. ಆದರೆ ಬರೆದದ್ದು ರಘುವಿನ ಕಲೆಯಾಗುತ್ತದೆ. ಐವತ್ತು ವರ್ಷದ್ದನ್ನು ಐದು ನಿಮಿಷದಲ್ಲಿ ಬರೆದರೆ ಅವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ತಲೆ ಕೆರೆದುಕೊಂಡು ಕೂತಾಗ ಮಾಲವಿಕಾಳ ಮಂತ್ರಿಯ ಕೂದಲು ನೆನಪಾಯಿತು. ಆಕೆಗೆ ಕಳಿಸಿದ ಮೊದಲ ಪ್ರತಿ. ಅದರಲ್ಲಿ ಕೂದಲಷ್ಟೇ ಆಗಿತ್ತು. ಚರ್ಮ ಮುಟ್ಟಿರಲಿಲ್ಲ, ಹಣೆ ಇದ್ದ ಹಾಗೇ ಇತ್ತು. ಮುನ್ನಾಲಾಲ್‌ಜಿಯ ಫೋನಿನಲ್ಲಿ ನೋಡಿದರೆ ಅವರು ಸುಪ್ರಭಾತ ಸಂದೇಶಗಳ ಹೂಗಳ ಜೊತೆ ಅದನ್ನೂ ಅಳಿಸಿದ್ದರು. ಮನುಷ್ಯ ವ್ರತ ಬಿಡುವವನಲ್ಲ.

ಮಾಲವಿಕಾಗೆ ಫೋನ್ ಹಚ್ಚಿದ.

"ಅಕ್ಕಾ, ಮೊದಲು ಕಳಸಿದ್ದೆನಲ್ಲ, ಕೂದಲು ಚೆನ್ನಾಗಿಲ್ಲ ಅಂದ್ರಿ, ಆ ಫೋಟೋ ಅದನೇನು?"

"ಅದು ಯಾಕ ಈಗ? ಅದು ಕೆಟ್ಟಿತ್ತು."

"ಕೆಟ್ಟಿದ್ದೇ ಬೇಕಾಗ್ಯದ."

"ರಘು, ನನಗ ಇಲ್ಲಿ ಕುಕ್ಕರ್ ಕೂಗ್ಲಿಕ್ಕೆ ಹತ್ಯದ. ಹುಡುಕಿ ಕಳಸ್ತೇನಿ."

ಮೊದಲು ಬಂದದ್ದು ಕೆಂಪು ಗೀಟು ಹಾಕಿದ್ದು, ಕಿವಿಯ ಸುತ್ತ ವೃತ್ತ, ಬಾಣದ ಗುರುತು, ಹಣೆಯ ಮೇಲೆ 'ಇಲ್ಲಿ ನೋಡು' ಎಂಬ ಬರಹ. ಗೀಟಿಲ್ಲದ್ದು ಕಳಿಸಿ ಎಂದ. ಎರಡನೆಯದು ಸ್ಕ್ರೀನಿನ ಫೋಟೋ, ಮೇಲೆ ಬ್ಯಾಟರಿಯ ಗುರುತು, ಕೆಳಗೆ ಆಕೆಯ ಹೆಬ್ಬೆರಳು. "ಅಕ್ಕಾ, ಬಂದದ್ದನ್ನೇ ಫಾರ್ವರ್ಡ್ ಮಾಡ್ರಿ, ಫೋಟೋ ಹೊಡೀಬ್ಯಾಡ್ರಿ." ಮೂರನೆಯದು ಸರಿಯಾಗಿ ಬಂತು. ಅಷ್ಟರಲ್ಲಿ ತುಳಸಮ್ಮ ಮುನ್ನಾಲಾಲ್‌ಜಿಯ ಮೊಣಕಾಲು ನೋವಿಗೆ ಮನೆಮದ್ದು ಹೇಳಿ ಮುಗಿಸಿದ್ದರು.

ಚಿತ್ರ ಚಿಕ್ಕದಾಗಿತ್ತು, ವಾಟ್ಸ್ಯಾಪ್ ಅದನ್ನು ಹಿಂಡಿ ಕಳಿಸಿತ್ತು. ರಘು ಅದನ್ನು ತಳದ ಫೋಟೋದ ಮೇಲೆ, ಕೂದಲಿನ ಗುಂಪಿನ ಕೆಳಗೆ ತಂದಿಟ್ಟ. ಮೂಲದಷ್ಟಕ್ಕೆ ಹಿಗ್ಗಿಸಿದ. ಅರ್ಧ ಪಾರದರ್ಶಕ ಮಾಡಿ ಕೆಳಗಿನ ಕಣ್ಣುಗಳ ಮೇಲೆ ಈ ಕಣ್ಣುಗಳು ಕೂರುವವರೆಗೆ ಕೂದಲೆಳೆಯಷ್ಟು ಆಚೀಚೆ ಸರಿಸಿದ. ಆಮೇಲೆ ಪೂರ್ತಿ ಮಾಸ್ಕ್ ಹಾಕಿ ಮರೆ ಮಾಡಿ, ಹಣೆಯ ನಡುವೆ ಮಾತ್ರ ಮೆತ್ತನೆಯ ಬ್ರಷ್ಷಿನಿಂದ ಬಿಳಿ ಬಳಿಯುತ್ತ ಬಂದ.

ಮೊದಲು ಒಂದು ಮಸುಕು. ಆಮೇಲೆ ಉದ್ದ ನೆರಳು. ಆಮೇಲೆ ದುಂಡು ಕಲೆ, ಎಡಕ್ಕೆ ಸ್ವಲ್ಪ ವಾಲಿದ್ದು.

"ಹಾಂ," ಎಂದರು ತುಳಸಮ್ಮ. "ಸೊಟ್ಟ ಹಚ್ತಿದ್ದರು. ಕನ್ನಡಿ ನೋಡ್ತಿದ್ದಿಲ್ಲ."

ಹಿಗ್ಗಿಸಿದ್ದರಿಂದ ಆ ಭಾಗ ಸ್ವಲ್ಪ ನುಣುಪಾಗಿ, ಬೇರೆಯಾಗಿ ಕಾಣುತ್ತಿತ್ತು. ಸುತ್ತಲಿನ ಚರ್ಮದ ತರಿಗೆ ಹೊಂದುವ ಹಾಗೆ ಸಣ್ಣಗೆ ಮರಳು ಎರಚಿದಂತೆ ಕಣಗಳನ್ನು ಇನ್ನೊಂದು ಲೇಯರಿನಲ್ಲಿ ಸೇರಿಸಿದ. ಬಣ್ಣ ತುಸು ನೀಲಿಯ ಕಡೆ ವಾಲಿತ್ತು, ಅದಕ್ಕೆ ಮಾತ್ರ ತಗಲುವಂತೆ ಬಣ್ಣದ ಲೇಯರ್ ಹೊದಿಸಿದ. ಒಂದನ್ನೂ ಇನ್ನೊಂದರಲ್ಲಿ ಬೆರೆಸಲಿಲ್ಲ. ಕಲೆಯ ಲೇಯರಿಗೆ 'ಹಣೆ, ಮುಟ್ಟಬೇಡ' ಎಂದು ಹೆಸರಿಟ್ಟ. ಅದನ್ನು ಓದುವವನು ಆ ಸ್ಟುಡಿಯೋದಲ್ಲಿ ಅವನೊಬ್ಬನೇ. ಆದೇಶ ಬೇಕಾಗಿದ್ದೂ ಅವನಿಗೇ.

ಅಂಗಾರದ ಲೇಯರಿನ ಕಣ್ಣನ್ನು ಮತ್ತೆ ತೆರೆದು ಕೇಳಿದ, "ಅಂಗಾರದ ಗೆರಿ ಇರಲೇನು ಕಾಕು, ವೆಂಕಟೇಶಣ್ಣ ಬೇಕು ಅಂದಿದ್ದರು."

"ಮ್ಯಾಲ ಹಚ್ಚಿದರ ಕೆಳಗಿಂದು ಕಾಣೋದಿಲ್ಲ. ತೆಗಿ. ವೆಂಕ್ಯಾಗ ಶಾಲು ಬೇಕಿತ್ತು, ಶಾಲು ಇರಲಿ. ಮಾಲಿಗೆ ಕೂದಲು ಇರಲಿ. ಹಣೀ ನಂದು."

ರಘು ಅಂಗಾರದ ಲೇಯರಿನ ಕಣ್ಣು ಮುಚ್ಚಿದ, ಅಳಿಸಲಿಲ್ಲ.

ತುಳಸಮ್ಮ ಸ್ಟೂಲಿನಿಂದ ಏಳದೆ ಕೇಳಿದರು. "ಎಲ್ಲಾ ಬ್ಯಾರೆ ಬ್ಯಾರೆ ಇಟ್ಟೀಯಲ್ಲ, ಶಾಲು ಕೂದಲು ತೆಗೆದು ಒಂದು ಸಲ ತೋರಸು. ಇದ್ದಂಗ."

ಎರಡು ಕಣ್ಣಿನ ಗುರುತು ಒತ್ತಿದ. ಶಾಲು ಹೋಯಿತು, ಕೂದಲು ಹೋಯಿತು. ಬೋಳುತಲೆ, ಹಾರುವ ಹುಲಿ, ಹಣೆಯ ಮೇಲೆ ಸೊಟ್ಟ ಕಲೆ. ಗಲ್ಲ ಮಾತ್ರ ಮಚ್ಚೆಯಿಲ್ಲದೆ ನುಣ್ಣಗಿತ್ತು, ಅದನ್ನು ತರುವುದು ಬೇಡವೆಂದಿದ್ದರು. ತುಳಸಮ್ಮ ಹುಲಿಯನ್ನು ನೋಡಿ ನಕ್ಕರು. "ಆ ಸ್ವೆಟರ್ ಚುಚ್ತದ ಅಂತ ದಿನಾ ಬೈತಿದ್ದರು," ಎಂದರು. ಮತ್ತೆ ಹೊದಿಸು ಎಂದು ಕೈಸನ್ನೆ ಮಾಡಿದರು. ರಘು ಹೊದಿಸಿದ.

ಬುಧವಾರ ಪ್ರಿಂಟ್ ಬಂತು. ಕಟ್ಟು ಹಾಕಿಸಿ ರಘುವೇ ಮನೆಗೆ ಒಯ್ದ. ತುಳಸಮ್ಮ ಗಾಜಿನ ಮೇಲೆ ಬೆರಳಿಟ್ಟು, "ಇಲ್ಲಿ ಸ್ವಲ್ಪ ಮಬ್ಬ ಅದನಲ್ಲ," ಎಂದರು.

"ಹೌದು ಕಾಕು. ತಪ್ಪು ನಂದು. ತಳದ್ದು ಮುಟ್ಟಬಾರದಿತ್ತು."

"ಇರಲಿ. ಅವರದೂ ಮಬ್ಬೇ ಇತ್ತು. ಹಾಲು ಕುಡದು ಹೋಗು."

ಅಂದಿನಿಂದ ಸ್ಟುಡಿಯೋದಲ್ಲಿ ಯಾರ ಮೊಡವೆ ಬಂದರೂ ರಘು ಮೊದಲು ತಳದ ಲೇಯರಿನ ಇನ್ನೊಂದು ಪ್ರತಿ ಮಾಡಿ, ತಳದ್ದಕ್ಕೆ ಬ್ರಷ್ಷೂ ತಾಗದ ಪೂರ್ತಿ ಬೀಗ ಹಾಕಿ, ಅದರ ಮೇಲೆ ಖಾಲಿ ಲೇಯರ್ ತೆರೆಯುತ್ತಾನೆ. ಹದಿನೆಂಟರ ಹುಡುಗಿಯ ಮೊಡವೆಯನ್ನು ಯಾರು ವಾಪಸ್ ಕೇಳುತ್ತಾರೆ ಎಂದು ಮುನ್ನಾಲಾಲ್‌ಜಿ ಕೇಳಿದರೆ, "ಗೊತ್ತಿಲ್ಲ, ಅದಕ್ಕೇ," ಎನ್ನುತ್ತಾನೆ. ಅವರು ಹೊಸ ಹಾರ್ಡ್ ಡಿಸ್ಕ್ ತರಿಸಿದ್ದಾರೆ. ತರಿಸಿದ್ದನ್ನು ದಿನಕ್ಕೆ ಮೂರು ಸಲ ನೆನಪಿಸುತ್ತಾರೆ.

ವರ್ಷಾಂತಿಕ ಮುಗಿದ ಮೂರನೇ ದಿನ ವೆಂಕಟೇಶ ಹೊಸ ಫೋನಿನಿಂದ ಕರೆ ಮಾಡಿದ.

"ರಘು, ಫೋಟೋ ಎಲ್ಲರಿಗೂ ಮೆಚ್ಚಿಗಿ ಆತು. ಒಂದೇ ಮಾತು. ಗ್ವಾಡಿಗೆ ಹಾಕಿದಮ್ಯಾಲ ಅನಸ್ತದ, ಶಾಲಿನ ಅಂಚು ಹಸಿರ ಛಲೋ ಇತ್ತೇನು?"

ರಘು ಕಣ್ಣು ಮುಚ್ಚಿದ. ತೆರೆದ. ಫೈಲ್ ತೆರೆದ.

"ಅವತ್ತು ನೋಡಿದ ಹಸಿರೇನು ಅಣ್ಣಾ?" ಎಂದು ಕೇಳಿದ. "ಅದ, ಇಟ್ಟೇನಿ."